ನಲವತ್ತು ರೂಪಾಯಿಯ ಪೆಟ್ಟಿಗೆ

ನಮ್ಮ ಇದ್ದಿಲು ಕಂಪನಿಯ ಭದ್ರಾವತಿ ಆಫೀಸು ಅಂದರೆ ಓಲ್ಡ್ ಟೌನಿನ ಒಂದು ಅಂಗಡಿಕೋಣೆ, ಒಂದು ಮೇಜು, ನಾನು. ಹೆಡ್ ಆಫೀಸು ಶಿವಮೊಗ್ಗದಲ್ಲಿ. ನನ್ನ ವಶಕ್ಕೆ ಅವರು ಒಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದರು, ಅದರೊಳಗೆ ನಲವತ್ತು ರೂಪಾಯಿ. ಅದಕ್ಕೆ ಇಂಪ್ರೆಸ್ಟ್ ಅನ್ನುತ್ತಿದ್ದರು. ಹೆಸರು ದೊಡ್ಡದು, ಕೆಲಸ ಸಣ್ಣದು. ಅಂಚೆ, ಸೀಮೆಎಣ್ಣೆ, ನೀರು ಹೊರುವ ಉಚ್ಚಂಗಮ್ಮನ ಕೂಲಿ, ಎತ್ತಿನ ಗಾಡಿ ಬಾಡಿಗೆ. ಅಷ್ಟೇ.

ನಿಯಮವನ್ನು ಅಕೌಂಟೆಂಟ್ ಸುಬ್ಬಪ್ಪನವರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಪ್ರತಿ ಖರ್ಚಿಗೂ ನಂಬರು ಹಾಕಿದ ಒಂದು ವೋಚರು. ಯಾರಿಗೆ, ಯಾತಕ್ಕೆ, ಎಷ್ಟು ಅಂತ ಬರೆದು, ಹಣ ಪಡೆದವನ ಸಹಿ, ಓದುಬರಹ ಬಾರದವನಾದರೆ ಹೆಬ್ಬೆಟ್ಟು. ಆಮೇಲೆ ಪುಸ್ತಕದಲ್ಲಿ ಏರಿಸಬೇಕು, ಗಾಡಿ ಬಾಡಿಗೆಯಾದರೆ ಆ ಕಾಲಮ್ಮಿಗೆ, ಅಂಚೆಯಾದರೆ ಅಂಚೆಯ ಕಾಲಮ್ಮಿಗೆ. ಪೆಟ್ಟಿಗೆಯ ನಗದು ಹತ್ತಕ್ಕೆ ಇಳಿಯಿತೋ, ವೋಚರುಗಳ ಕಟ್ಟು ಶಿವಮೊಗ್ಗಕ್ಕೆ. ಅವರು ನೋಡಿ, ಎರಡನೇ ಸಲ ಯಾರೂ ಬಳಸಬಾರದೆಂದು ಅಡ್ಡಗೆರೆ ಎಳೆದು, ವೋಚರುಗಳ ಮೊತ್ತ ಎಷ್ಟೋ ಅಷ್ಟೇ ಹಣ ಕಳಿಸುತ್ತಾರೆ. ಪೆಟ್ಟಿಗೆ ಮತ್ತೆ ನಲವತ್ತಾಗುತ್ತದೆ.

"ಯಾವ ಗಳಿಗೆಯಲ್ಲಿ ಬಂದು ಎಣಿಸಿದ್ರೂ ನಗದು ಮತ್ತು ವೋಚರು ಸೇರಿ ನಲವತ್ತೇ ಇರ್ಬೇಕು ಗಣಪಯ್ಯನವರೇ," ಅಂದಿದ್ದರು. "ಒಂದಾಣೆ ಕಡಿಮೆ ಬಂದ್ರೂ ತಪ್ಪು, ಒಂದಾಣೆ ಹೆಚ್ಚು ಬಂದ್ರೂ ತಪ್ಪು."

ಹೆಚ್ಚು ಬರುವುದು ಹೇಗೆ ತಪ್ಪು ಅಂತ ನಾನು ಆಗ ನಕ್ಕಿದ್ದೆ. ಸುಡಲಿ ಆ ನಗು.

ಶ್ರಾವಣದ ಒಂದು ಶನಿವಾರ ಮಧ್ಯಾಹ್ನ ಗಾಡಿ ಸಿದ್ದಯ್ಯ ಬಂದ. ಜನ್ನಾಪುರದವನು, ಐದು ವರ್ಷದಿಂದ ನಮ್ಮ ಇದ್ದಿಲನ್ನು ಕಬ್ಬಿಣದ ಕಾರ್ಖಾನೆಗೆ ಸಾಗಿಸುತ್ತಿದ್ದವನು. ಒಂದು ಮೂಟೆ ಕಡಿಮೆ ಬಂತು ಅನ್ನುವ ಮಾತೇ ಅವನ ಮೇಲೆ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಹೆಂಡತಿಯ ವಿಷಯ ಹೇಳಿದ.

"ಮಾಸ್ತಮ್ಮಂಗೆ ಬೆಳಗಿಂದ ನೋವು ಸ್ವಾಮಿ. ಕೂಸು ಅಡ್ಡ ನಿಂತದಂತೆ. ಸೂಲಗಿತ್ತಿ ಕೈ ಬಿಟ್ಲು, ಶಿವಮೊಗ್ಗದ ಆಸ್ಪತ್ರೆಗೆ ಹೊರ್ಡಿ ಅಂದ್ಲು. ಮೋಟಾರಿನೋನು ಆರು ರೂಪಾಯಿ ಕೇಳ್ತಾನೆ."

ನನ್ನ ಜೇಬಿನಲ್ಲಿ ಹತ್ತಾಣೆ ಇತ್ತು. ಸಂಬಳಕ್ಕೆ ಇನ್ನೂ ಎಂಟು ದಿನ. ಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ನಗದು, ಮೂವತ್ತರ ವೋಚರು. ಆ ಹಣದಲ್ಲಿ ಸಾಲ ಕೊಡುವ ಹಾಗಿಲ್ಲ. ಮುಂಗಡ ಬೇಕಾದರೆ ಶಿವಮೊಗ್ಗದಿಂದ ಆರ್ಡರು ಬರಬೇಕು, ಕೂಸಿಗೆ ಅದು ಗೊತ್ತಿರುತ್ತದೆಯೇ? ಆರು ರೂಪಾಯಿ ತೆಗೆದು ಅವನ ಕೈಗಿಟ್ಟೆ. ಏನಾದರೂ ಗುರುತು ಇರಲಿ ಅಂತ ಕೈಗೆ ಸಿಕ್ಕ ಖಾಲಿ ವೋಚರಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಏನೂ ಬರೆದಿರಲಿಲ್ಲ ಅದರಲ್ಲಿ.

"ದುಡ್ಡು ತಂದಾಗ ಈ ಚೀಟಿ ನಂಗೆ ಕೊಡ್ಬೇಕು, ಹರಿದು ಹಾಕ್ತೀನಿ," ಅಂದ. ನಮ್ಮ ಕಡೆ ಸಾಲ ತೀರಿತು ಅಂದರೆ ಪತ್ರ ಹರಿಯಬೇಕು. ಆಗಲಿ ಹೋಗು ಮಾರಾಯ ಅಂದೆ.

ಸೋಮವಾರವಾದರೂ ಸಿದ್ದಯ್ಯ ಆಸ್ಪತ್ರೆಯಿಂದ ಬರಲಿಲ್ಲ. ಪೆಟ್ಟಿಗೆಯಲ್ಲಿ ನಾಲ್ಕೇ ರೂಪಾಯಿ, ಉಚ್ಚಂಗಮ್ಮ ಎರಡು ಸಲ ಕೂಲಿಗೆ ಬಂದು ಹೋಗಿದ್ದಳು. ಕಟ್ಟು ಕಳಿಸಲೇಬೇಕು. ನಾಲ್ಕು ನಗದು, ಮೂವತ್ತರ ವೋಚರು, ಮೂವತ್ತನಾಲ್ಕು. ಉಳಿದ ಆರು ಎಲ್ಲಿ? ಅಡಕತ್ತರಿಗೆ ಸಿಕ್ಕಿದ ಅಡಕೆಯಾಗಿದ್ದೆ. ಎದ್ದು ರೈಲು ಹತ್ತಿ ಸುಬ್ಬಪ್ಪನವರ ಮುಂದೆ ನಿಂತು ನಿಜ ಹೇಳಬಹುದಿತ್ತು. ಹೇಳಲಿಲ್ಲ, ಹೆದರಿದೆ. ಆ ಖಾಲಿ ವೋಚರಿಗೆ ಇಪ್ಪತ್ತಮೂರನೇ ನಂಬರು ಹಾಕಿ, "ಸಿದ್ದಯ್ಯ, ಕಾರ್ಖಾನೆ ಗೇಟಿಗೆ ಇದ್ದಿಲು ಸಾಗಣೆ, ಗಾಡಿ ಬಾಡಿಗೆ ರೂ. ೬" ಅಂತ ಬರೆದೆ. ಮೂರನೇ ದಿನ ಮೂವತ್ತಾರು ರೂಪಾಯಿ ಬಂತು. ನಾಲ್ಕು, ಮೂವತ್ತಾರು, ನಲವತ್ತು. ಪುಸ್ತಕ ಸರಿಹೋಯಿತು. ನನಗೆ ಮಾತ್ರ ಅನ್ನ ಸೇರಲಿಲ್ಲ.

ಸಿದ್ದಯ್ಯ ತಿರುಗಿ ಬಂದ. ಮಾಸ್ತಮ್ಮ ಉಳಿದಿದ್ದಳು, ಕೂಸು ಉಳಿದಿರಲಿಲ್ಲ. ಆ ಮುಖ ನೋಡಿ ವೋಚರಿನ ಮಾತು ಎತ್ತುವುದು ನನ್ನಿಂದ ಆಗಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ತಿಂಗಳು ಕಳೆದೆ.

ಒಂದು ಮಂಗಳವಾರ ಸುಬ್ಬಪ್ಪನವರು ಹೇಳದೆ ಕೇಳದೆ ಬಂದರು, ಹಿಂದಿನ ತಿಂಗಳ ವೋಚರಿನ ಕಟ್ಟನ್ನೂ ಕಂಕುಳಲ್ಲಿ ಇಟ್ಟುಕೊಂಡು. ಪೆಟ್ಟಿಗೆ ತೆಗೆಸಿ ಎಣಿಸಿದರು. ನಗದು ಹದಿನೇಳೂವರೆ, ವೋಚರು ಇಪ್ಪತ್ತೆರಡೂವರೆ.

"ನಲವತ್ತು. ಸರಿಯಾಗಿದೆ," ಅಂದರು. ಕಾಫಿ ತರಿಸೋಣವೇ ಅಂತ ನಾನು ಏಳುತ್ತಿದ್ದೆ. ಬಾಗಿಲಲ್ಲಿ ಸಿದ್ದಯ್ಯ.

ಪಂಚೆಯ ಗಂಟು ಬಿಚ್ಚಿ ಆರು ರೂಪಾಯಿ ಮೇಜಿನ ಮೇಲೆ ಇಟ್ಟ. "ತಡ ಆಯ್ತು ಸ್ವಾಮಿ. ಮಾಸ್ತಮ್ಮನ ಕಾಲ್ಗಡಗ ಮಾರಿದ್ವಿ. ಆ ಚೀಟಿ ಕೊಡಿ."

ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವನಿಗೆ ಸನ್ನೆ ಯಾಕೆ ತಿಳಿಯಬೇಕು, ಅವನೇನು ಕದ್ದವನೇ?

"ಯಾವ ಚೀಟಿ?" ಅಂದರು ಸುಬ್ಬಪ್ಪನವರು.

"ಸಾಲದ್ದು ಸ್ವಾಮಿ. ಹೆಬ್ಬೆಟ್ಟು ಒತ್ತಿದ್ದೆ."

ಅವರು ಕಟ್ಟು ಬಿಚ್ಚಿ ಒಂದೊಂದೇ ಮಗುಚಿ ಇಪ್ಪತ್ತಮೂರನೆಯದನ್ನು ಹೊರಗೆ ತೆಗೆದು ಗಟ್ಟಿಯಾಗಿ ಓದಿದರು. ಸಿದ್ದಯ್ಯ ಪೂರ್ತಿ ಕೇಳಿಸಿಕೊಂಡ.

"ಆವತ್ತು ನಾನು ಗಾಡಿ ಹೂಡೇ ಇಲ್ವಲ್ಲ ಸ್ವಾಮಿ," ಅಂದ. ಆಮೇಲೆ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ಗುಮಾಸ್ತರು ಬರೆದದ್ದು ಹೇಗೆ ತಪ್ಪಾದೀತು, ತನಗೇ ಮರೆತಿರಬೇಕು ಅನ್ನುವ ಹಾಗೆ ನೋಡಿದ. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

"ತಪ್ಪು ನನ್ನದು," ಅಂದೆ. "ಖಾಲಿ ವೋಚರಿಗೆ ಒತ್ತಿಸಿಕೊಂಡೆ. ಬರೆದದ್ದು ನಾನು. ಅವನಿಗೆ ಓದಿ ಹೇಳಿಲ್ಲ."

"ಬರ್ದುಕೊಡಿ."

ಬರೆದುಕೊಟ್ಟೆ. ಅವರು ಓದಿ ಮಡಿಸಿ, ಆ ಆರು ರೂಪಾಯಿಯನ್ನು ಪೆಟ್ಟಿಗೆಗೆ ಹಾಕಗೊಡದೆ, ವೋಚರು ಇಪ್ಪತ್ತಮೂರರ ವಸೂಲಿ ಅಂತ ಬೇರೆ ರಸೀತಿ ಮಾಡಿ ಶಿವಮೊಗ್ಗದ ಖಾತೆಗೆ ತೆಗೆದುಕೊಂಡರು. ಪೆಟ್ಟಿಗೆಗೆ ಬಿದ್ದರೆ ನಲವತ್ತಾರಾಗುತ್ತಿತ್ತಲ್ಲ.

"ರಿಪೋರ್ಟಿನಲ್ಲಿ ಸಿದ್ದಯ್ಯನನ್ನ ಬಿಟ್ಟುಬಿಡಿ," ಅಂದೆ.

"ನನ್ನ ಕೈಯಲ್ಲಿ ಏನಿದೆ ಮಾರಾಯ್ರೇ? ಕಾಣದೇ ಇದ್ದಿದ್ರೆ ಒಂದು ಮಾತು. ಕಂಡ್ಮೇಲೆ ನಾನು ಬರೀದೇ ಇದ್ರೆ ನಾಳೆ ನನ್ನ ಕೆಲಸ." ಅವರಿಗೂ ಬೇಜಾರಾಗಿತ್ತು, ಸುಳ್ಳು ಹೇಳಬಾರದು.

ಸಿದ್ದಯ್ಯ ಅಲ್ಲಿಯೇ ನಿಂತಿದ್ದ. "ದುಡ್ಡು ಬಂತಲ್ಲ ಸ್ವಾಮಿ. ಚೀಟಿ ಹರ್ದು ಹಾಕೋಣ."

"ಅದು ಕಂಪನಿ ಕಾಗದ ಕಣಪ್ಪ, ಹರಿಯೋ ಹಾಗಿಲ್ಲ," ಅಂದರು ಸುಬ್ಬಪ್ಪನವರು. ರಸೀತಿಯನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ತಿರುಗಿಸಿ ನೋಡಿದ. ಅದರಲ್ಲಿ ಅವನ ಹೆಬ್ಬೆಟ್ಟು ಇರಲಿಲ್ಲ.

ಹತ್ತು ದಿನಕ್ಕೆ ಆರ್ಡರು ಬಂತು. ನನಗೆ ಎಚ್ಚರಿಕೆ, ಅರ್ಧ ತಿಂಗಳ ಸಂಬಳ ಕಡಿತ. ಲೆಕ್ಕ ಬಲ್ಲ ಗುಮಾಸ್ತ ಬೇರೆ ಸಿಗುವುದು ಕಷ್ಟ, ಗಾಡಿಯವರು ಬೇಕಾದಷ್ಟು ಸಿಗುತ್ತಾರೆ. ಮಾಡದ ಸಾಗಣೆಗೆ ಬಾಡಿಗೆ ಪಡೆದ ಸಿದ್ದಯ್ಯನ ಹೆಸರನ್ನು ಗಾಡಿಯವರ ಪಟ್ಟಿಯಿಂದ ತೆಗೆಯತಕ್ಕದ್ದು. ತಪ್ಪು ಅವನದಲ್ಲ ಅಂತ ಎರಡು ಕಾಗದ ಬರೆದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ಈ ವಿಚಾರದಲ್ಲಿ ಇನ್ನು ಪತ್ರವ್ಯವಹಾರ ಬೇಡ ಅಂತ ಬಂತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವನು ಅವನು.

ಪಟ್ಟಿ ಇರುವುದು ನನ್ನ ಮೇಜಿನಲ್ಲೇ. ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನೂ ನಾನೇ. ಈಗ ಆ ಸಾಗಣೆಗೆ ರಂಗಪ್ಪ ಬರುತ್ತಾನೆ. ಪ್ರತಿ ವೋಚರನ್ನೂ ಅವನಿಗೆ ಎರಡು ಸಲ ಓದಿ ಹೇಳಿ ಆಮೇಲೆ ಹೆಬ್ಬೆಟ್ಟು ಒತ್ತಿಸುತ್ತೇನೆ. ಪೆಟ್ಟಿಗೆ ಯಾವಾಗ ಎಣಿಸಿದರೂ ನಲವತ್ತು.

ಸಿದ್ದಯ್ಯ ಎತ್ತು ಮಾರಿ ಸಂತೆಯಲ್ಲಿ ಮೂಟೆ ಹೊರುತ್ತಾನೆ. ಸಂತೆ ಮುಗಿದ ಮೇಲೆ ಆಫೀಸಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕೆಲಸ ಕೊಡಿ ಅಂತ ಒಂದು ದಿನವೂ ಕೇಳಿಲ್ಲ.

"ಶಿವಮೊಗ್ಗದಿಂದ ನನ್ನ ಚೀಟಿ ಬಂತಾ ಸ್ವಾಮಿ?" ಅನ್ನುತ್ತಾನೆ. "ಮಾಸ್ತಮ್ಮ ಕೇಳ್ತಾಳೆ, ಸಾಲ ತೀರ್ತಾ ಅಂತ."

ಇನ್ನೂ ಬಂದಿಲ್ಲ ಸಿದ್ದಯ್ಯ ಅನ್ನುತ್ತೇನೆ.