ಆದೇಶದ ದಿನ ಇದ್ದವರು

ನಮ್ಮ ಕಂಪನಿಯ ವರ್ಗಾವಣೆ ನೀತಿ ಬರೆದ ಪುಣ್ಯಾತ್ಮನಿಗೆ ಪೂರ್ಣವಿರಾಮ ಎಂದರೆ ಅಲರ್ಜಿ ಇರಬೇಕು. ಒಂದೊಂದು ವಾಕ್ಯವೂ ಅರ್ಧ ಪುಟ. ಗೋದಾಮು ಮುಚ್ಚಿ ಅಲ್ಲಿದ್ದವರನ್ನೆಲ್ಲ ದೂರದ ಊರಿಗೆ ಕಳಿಸುವುದೆಂದು ತೀರ್ಮಾನವಾಗಿ ಆದೇಶಗಳೂ ಹೊರಟ ಮೇಲೆ, ಮ್ಯಾನೇಜರ್ ಮೇಡಂ ಆ ದಪ್ಪ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಯಾರಿಗೆ ಏನು ಸಿಗತ್ತೆ ಅಂತ ಒಂದೇ ಪುಟದಲ್ಲಿ ಬರೆದುಕೊಡು. ಸಾಗಣೆ, ತಾತ್ಕಾಲಿಕ ವಸತಿ, ಸೇರೋಕೆ ಸಮಯ. ಅಷ್ಟೇ."

ಬರೆದೆ. ಹೊಸ ಊರಲ್ಲಿ ಮನೆ ಸಿಗುವ ತನಕ, ಹೆಚ್ಚೆಂದರೆ ಒಂದು ತಿಂಗಳು, ಗೆಸ್ಟ್ ಹೌಸ್. ಇಲ್ಲಿಂದ ಬಿಡುಗಡೆಯಾದ ಮರುದಿನದಿಂದ ಸೇರುವ ಸಮಯದ ಲೆಕ್ಕ, ಪ್ರಯಾಣದ ದಿನ ಬೇರೆ. ಬಳಸದೆ ಉಳಿದ ದಿನಗಳು ರಜೆಗೆ ಜಮಾ. ಕುಟುಂಬ ಇದ್ದವರಿಗೆ ದೊಡ್ಡ ಲಾರಿ, ಇಬ್ಬರ ಕೋಣೆ. ಒಂಟಿಯಾದವರಿಗೆ ಸಣ್ಣ ಗಾಡಿ, ಒಬ್ಬರ ಕೋಣೆ. ಪುಟ ತುಂಬಿ ಹೊರಗೆ ಚೆಲ್ಲುತ್ತಿತ್ತು. ಮೇಡಂ ಕತ್ತರಿ ಆಡಿಸಿ, "ಕುಟುಂಬ ಎಂದರೆ ಜೊತೆಯಲ್ಲಿ ಪ್ರಯಾಣಿಸುವವರು" ಎಂದು ಒಂದೇ ಸಾಲು ಉಳಿಸಿದರು.

ಹಾಳೆ ಹಂಚಿದ ಮಧ್ಯಾಹ್ನವೇ ಸ್ಟೋರ್ ಮಾಮ ಬಂದರು. ಗೋದಾಮಿನ ಸ್ಟೋರ್‌ಕೀಪರ್, ಆಫೀಸಿಗೆಲ್ಲ ಮಾಮ. ವರ್ಗಾವಣೆಯ ಆದೇಶ ಕೈಗೆ ಬಂದಾಗ ಅತ್ತೆ, ಅಂದರೆ ಅವರ ಹೆಂಡತಿ, ಆಸ್ಪತ್ರೆಯಲ್ಲಿದ್ದರು. ಅದಕ್ಕೇ ಮಾಮನ ಬಿಡುಗಡೆಯನ್ನು ಮುಂದೂಡಿದ್ದೆವು. ಅತ್ತೆ ಮನೆಗೆ ಮರಳಲಿಲ್ಲ. ಈಗ ಹೊರಡಲು ಮಾಮನಿಗೆ ಯಾವ ಅಡ್ಡಿಯೂ ಇರಲಿಲ್ಲ, ಅದೇ ದೊಡ್ಡ ಸಂಕಟ.

"ತಾಯಿ, ನಾನು ಈಗ ಒಂಟಿ ಲೆಕ್ಕಾನಾ?" ಎಂದರು.

ನಾನು ಕುರ್ಚಿ ಎಳೆದು ಅವರನ್ನು ಕೂರಿಸಿದೆ.

"ಯಾಕೆ ಕೇಳ್ದೆ ಅಂದ್ರೆ, ಸಣ್ಣ ಗಾಡೀಲಿ ಅವಳ ಹೊಲಿಗೆ ಮೆಷಿನ್ನು, ಬೀರು ಎರಡೂ ಹಿಡಿಯಲ್ಲ. ನನ್ನ ಮಂಚ ಬೇಕಾದ್ರೆ ಬಿಟ್ಟುಬಿಡ್ತೀನಿ. ಬೀರು ತುಂಬ ಅವಳ ಸೀರೆ ಇದೆ. ಯಾರಿಗಾದ್ರೂ ಕೊಟ್ಟುಬಿಡಿ ಅಂತಾಳೆ ನನ್ನ ತಂಗಿ. ಆಗ್ತಾ ಇಲ್ಲಮ್ಮ."

ಇನ್ನೊಂದು ಗಾಡಿಗೆ ನಾವೆಲ್ಲ ಸೇರಿ ದುಡ್ಡು ಕೊಡುತ್ತೇವೆ ಎಂದೆ. ಬೇಡವೆಂದು ಕೈಮುಗಿದರು. ಭಿಕ್ಷೆ ಅಂದುಕೊಂಡರೇನೋ. ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ, ಆ ಒಂದು ಸಾಲಿನ ಮೇಲೆ. ಅವರು ಹೋದ ಮೇಲೆ ಮೂಲ ಪುಸ್ತಕ ತೆಗೆದು ಆ ಉದ್ದುದ್ದ ವಾಕ್ಯಗಳನ್ನು ಬೆರಳಿಟ್ಟುಕೊಂಡು ಓದಿದೆ. ಅಲ್ಲಿ ಎರಡು ಲೆಕ್ಕ ಇತ್ತು. ಟಿಕೆಟ್ಟು ಯಾರು ಪ್ರಯಾಣ ಮಾಡುತ್ತಾರೋ ಅವರಿಗೆ. ಸಾಮಾನು ಮತ್ತು ಕೋಣೆ ಮಾತ್ರ, ವರ್ಗಾವಣೆ ಆದೇಶದ ದಿನ ಕುಟುಂಬ ಹೇಗಿತ್ತೋ ಹಾಗೆ. ಆಮೇಲೆ ಏನೇ ಬದಲಾದರೂ ಅದನ್ನು ಕಡಿತ ಮಾಡುವಂತಿಲ್ಲ. ಪುಟ ಉಳಿಸಲು ಹೋಗಿ ಮೇಡಂ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರು.

ಪುಸ್ತಕ ಎತ್ತಿಕೊಂಡೇ ಅವರ ಕೋಣೆಗೆ ನುಗ್ಗಿದೆ. ಎರಡು ಸಲ ಓದಿದರು. ಜಗಳಕ್ಕೆಂದು ಸೊಂಟ ಕಟ್ಟಿ ಹೋಗಿದ್ದ ನನಗೆ ನಿರಾಸೆಯಾಗುವಷ್ಟು ಬೇಗ ಒಪ್ಪಿಕೊಂಡರು.

"ತಪ್ಪು ನಂದೇ. ಎರಡು ಪುಟ ಆದ್ರೂ ಆಗ್ಲಿ, ತಿದ್ದಿ ಎಲ್ಲರಿಗೂ ಮತ್ತೆ ಕೊಡು. ಮಾಮನಿಗೆ ನೀನೇ ಹೇಳು."

ಹೊಸ ಹಾಳೆಯನ್ನು ಮಾಮ ಬೆರಳಿಟ್ಟು ಸಾಲು ಸಾಲಾಗಿ ಓದಿದರು. "ಹಂಗಾದ್ರೆ ಅವಳ ಸಾಮಾನು ಪೂರ್ತಿ ಬರತ್ತೆ" ಎಂದರು. ಮುಖದಲ್ಲಿ ಒಂದಿಷ್ಟು ಬೆಳಕು. ನಾನು ಬೀಗಿದೆ. ಏನೋ ಗೆದ್ದೆ ಎಂದೇ ಅಂದುಕೊಂಡೆ.

ಹೊರಡುವ ಮುನ್ನಾದಿನ ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಮಾಮ ನನ್ನ ಮೇಜಿನ ಎದುರು ಕೂತಿದ್ದಾಗ ಫೋನ್ ಬಂತು. ಆ ಊರಿನ ಗೆಸ್ಟ್ ಹೌಸ್ ನೋಡಿಕೊಳ್ಳುವ ಮೇಟಿ. ಕೋಣೆಯ ವಿಚಾರ ನೇರ ಅವರನ್ನೇ ಕೇಳಲಿ ಎಂದು ಫೋನನ್ನು ಮಾಮನ ಕೈಗೆ ಕೊಟ್ಟೆ. ಆ ಕಡೆಯವನ ಗಂಟಲು ದೊಡ್ಡದು, ನನಗೂ ಕೇಳಿಸುತ್ತಿತ್ತು.

"ಸಾರ್, ನಿಮ್ಮ ಹೆಸರಲ್ಲಿ ಇಬ್ಬರ ಕೋಣೆ ಬಂದಿದೆ. ಟಿಕೆಟ್ ನೋಡಿದ್ರೆ ಒಂದೇ. ಅಮ್ಮಾವ್ರು ಆಮೇಲೆ ಬರ್ತಾರಾ? ಯಾವತ್ತು ಅಂತ ಹೇಳಿಬಿಡಿ, ಊಟ ಇಬ್ಬರಿಗೆ ಹೇಳ್ಬೇಕಲ್ಲ."

ಮಾಮ ನನ್ನ ಕಡೆ ನೋಡಿದರು. ನಾನು ಕೈ ಚಾಚಿದೆ, ಫೋನ್ ಇಸಿದುಕೊಂಡು ನಾನೇ ಹೇಳೋಣವೆಂದು. ಅವರು ಕೊಡಲಿಲ್ಲ.

"ಇಲ್ಲಪ್ಪ, ಅವಳು ಬರಲ್ಲ. ತೀರಿಕೊಂಡ್ಲು" ಎಂದರು.

ಸಾವಿನ ದಿನದಿಂದ ಅವತ್ತಿನವರೆಗೆ ಆ ಮಾತನ್ನು ಅವರು ಯಾರೆದುರೂ ಆಡಿರಲಿಲ್ಲ. ಆಫೀಸಿಗೆ ತಿಳಿಸಿದ್ದೂ ಅವರ ತಂಗಿಯೇ. ಆ ಕಡೆಯವನು ಏನೇನೋ ತಡವರಿಸಿ ಕ್ಷಮೆ ಕೇಳುತ್ತಿದ್ದ. "ಪರವಾಗಿಲ್ಲಪ್ಪ, ನಿಂಗೇನು ಗೊತ್ತು" ಎಂದು ಇವರೇ ಅವನನ್ನು ಸಮಾಧಾನ ಮಾಡಿದರು. ಫೋನ್ ಇಟ್ಟ ಮೇಲೆ ತಲೆಯನ್ನು ನನ್ನ ಮೇಜಿಗೆ ಆನಿಸಿ, ಎಲ್ಲರೂ ನೋಡುತ್ತಿದ್ದಂತೆ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.