ಖಾಸಿಮಸಾಬನ ಗೇಮಿನ ಡಬ್ಬಿಯ ತಕರಾರು

ಬೈಲಹೊಂಗಲ ಕೋರ್ಟಿನ ಮುಂದೆ ಅರ್ಜಿ ಬರೆಯುವುದರಲ್ಲಿ ಈ ಪರಪ್ಪನನ್ನು ಮೀರಿಸುವವರಿರಲಿಲ್ಲ. ಸೊಕ್ಕಲ್ಲ, ಇದ್ದದ್ದು ಹೇಳುತ್ತೇನೆ. ಅದರಲ್ಲೂ ಹೊಡೆದಾಟದ ಫಿರ್ಯಾದಿ ಅಂದರೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

೧೯೭೯ರ ಬೇಸಿಗೆಯಲ್ಲಿ ಖಾಸಿಮಸಾಬ ಬಂದ. ಟಾಂಗಾ, ಕುದುರೆ ಎರಡನ್ನೂ ಮಾರಿ ಒಂದು ಹಳೇ ಟಿವಿ ಮತ್ತು ಬೆಳಗಾವಿಯ ಅಂಗಡಿಯಿಂದ ಅದಕ್ಕೆ ಜೋಡಿಸಿ ಆಡುವ ಗೇಮಿನ ಹೊಸ ಡಬ್ಬಿ, ಅಂದರೆ ಕನ್ಸೋಲು, ಕೊಂಡಿದ್ದ. ಟಿವಿ ಕಾರ್ಯಕ್ರಮ ನಮ್ಮ ಕಡೆ ಇನ್ನೂ ಬರುತ್ತಿರಲಿಲ್ಲ, ಆದರೆ ಈ ಆಟಕ್ಕೆ ಅದು ಬೇಕಿರಲಿಲ್ಲ. ನೇಸರಗಿ, ದೊಡವಾಡದ ಸಂತೆಯ ದಿನ ಚಹಾದಂಗಡಿಯ ಕರೆಂಟಿಗೆ ಹಚ್ಚಿದರೆ ಸಾಕು, ಜನ ಮುಗಿಬಿದ್ದು, ಕಾಸು ಕೊಟ್ಟು ತೆರೆಯ ಮೇಲಿನ ಬಿಳಿ ಚೆಂಡು ಬಡಿಯುತ್ತಿದ್ದರು. ನಾಲ್ಕು ತಿಂಗಳಿಗೆ ಡಬ್ಬಿ ಸತ್ತಿತ್ತು. ವಾರಂಟಿ ಇದ್ದದ್ದು ಆರು ತಿಂಗಳು.

“ಪರಪ್ಪಣ್ಣಾ, ಅಂಗಡ್ಯಾಂವ ಛಲೋ ಮನುಷ್ಯಾ ಅದಾನ್ರಿ. ಬಿಲ್ ನಂಬರ, ಡಬ್ಬಿ ನಂಬರ, ತಾರೀಕ, ಏನ್ ಕೆಟ್ಟೈತಿ ಅಂತ ಬರಸ್ಕೊಂಡ್ ಬಾ, ಕಂಪನಿಗೆ ಕಳಿಸಿ ಹೊಸಾದು ತರಸ್ತೇನಿ ಅಂದಾನ. ಅಷ್ಟ ಬರೀರಿ. ಕುದರೀನೂ ಹೋತು, ಇದೂ ಹೋದ್ರ ಮನಿಮಂದಿ ಏನ್ ತಿನ್ನೂದ್ರಿ?”

ಅಷ್ಟೇ ಬರೆದರೆ ಯಾವ ಕಂಪನಿ ಹೆದರೀತು, ಮಣ್ಣು! ನಂಬರುಗಳನ್ನು ಬರೆದೆ. ಮುಂದೆ ರೂಢಿಯ ಕೈ ತಾನೇ ಓಡಿತು: ‘ಸದರಿ ಅಂಗಡಿಯ ಮಾಲೀಕನು ಅವಾಚ್ಯ ಶಬ್ದಗಳಿಂದ ಬೈದು, ಕಪಾಳಕ್ಕೆ ಹೊಡೆದು, ಆಳುಗಳಿಂದ ಬಡಿಗೆಯಿಂದ ಹೊಡೆಸಿ, ಮುಂದಿನ ಹಲ್ಲು ಮುರಿದು, ಕನ್ಸೋಲನ್ನು ನೆಲಕ್ಕೆ ಅಪ್ಪಳಿಸಿರುತ್ತಾನೆ.’ ಇಷ್ಟಿಲ್ಲದ ಕಾಗದವನ್ನು ಠಾಣೆಯ ಫೌಜದಾರ ಕಣ್ಣೆತ್ತಿಯೂ ನೋಡುವುದಿಲ್ಲ. ಖಾಸಿಮಸಾಬನಿಗೆ ಓದಲು ಬಾರದು, ನಾನು ಓದಿ ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿ ಹೋದ.

ಮರುದಿನ ಸಂಜೆ ಬಂದ. ಅಂಗಿಯ ತುಂಬ ರಕ್ತ, ತುಟಿ ಊದಿತ್ತು. ಚೀಲ ಸುರಿದರೆ ಪ್ಲಾಸ್ಟಿಕ್ಕಿನ ಚೂರು, ತಂತಿ, ಅಂಗಡಿಯ ಬಿಲ್ಲು.

“ಅಂವ ಓದಿದಾ. ‘ನಾ ಯಾವಾಗ ಹೊಡದ್ನೋ ನಿನ್ನ? ಇದನ್ನ ಕಂಪನಿಗೆ ಕಳಿಸಿ ನನ್ನ ಅಂಗಡಿ ಮುಚ್ಚಸ್ಲೇನು?’ ಅಂದು, ಬಾಯಿಗೆ ಬಂದಂಗ ಬೈದು, ನನ್ನ ಕಪಾಳಕ್ಕ ಬಿಟ್ಟಾ. ಯಾಕಂತ ನನಗ ತಿಳೀಲಿಲ್ಲ, ನಾನೂ ಕೊಳ್ಳಪಟ್ಟಿ ಹಿಡದೆ. ಆಳುಗೋಳು ಬಡಿಗಿ ತಂದ್ರು, ಹಲ್ಲು ಉದರಿಸಿದ್ರು. ಅಂವ ಡಬ್ಬಿ ಎತ್ತಿ ಒಗದಾ. ಒಡದ ಡಬ್ಬಿಗಿ ವಾರಂಟಿ ಇಲ್ಲಂತ. ಏನ್ ಬರದಿದ್ರಿ, ಪರಪ್ಪಣ್ಣಾ?”

ಕಾರ್ಬನ್ ಪ್ರತಿ ತೆಗೆದು ಓದಿದೆ. ಓದಿ ಮುಗಿಸುವಷ್ಟರಲ್ಲಿ ಖಾಸಿಮಸಾಬ ನಾನು ಬರೆಯುವ ಹಲಗೆಯನ್ನೇ ಎತ್ತಿ ನನ್ನ ಬಲಗೈ ಮೇಲೆ ಬಡಿದ. ಎರಡು ಬೆರಳು ಮುರಿದವು. ಅಯ್ಯೋ ಅನ್ನುತ್ತ ನಾನು ಅವನ ಹೊಟ್ಟೆಗೆ ಒದ್ದೆ. ಅವನು ನನ್ನ ಕುತ್ತಿಗೆ ಹಿಸುಕಿ ನೆಲಕ್ಕೆ ಕೆಡವಿದ. ನಾಲ್ಕು ಜನ ಎಳೆದು ಬಿಡಿಸಬೇಕಾಯಿತು. ತಪ್ಪು ನನ್ನದೇ ಎಂದು ಗೊತ್ತಿದ್ದೂ ಒದ್ದೆನಲ್ಲ, ಆ ನಾಚಿಕೆ ಬೆರಳಿನ ನೋವಿಗಿಂತ ಹೆಚ್ಚು ಸುಟ್ಟಿತು.

ತಪ್ಪಿಗೆ ಏನಾದರೂ ಮಾಡಲೇಬೇಕಲ್ಲ, ಎಡಗೈಯಲ್ಲಿ ಪೆನ್ನು ಹಿಡಿದೆ. “ಪೊಲೀಸರಿಗೆ ಬರೀತೇನಿ, ಖಾಸಿಮಾ. ಈ ಸಲ ಖರೇದ್ದ ಬರೀತೇನಿ.” ಆದರೆ ಬರೆಯಲು ಏನಿತ್ತು? ಬೈಗುಳ, ಕಪಾಳ, ಬಡಿಗೆ, ಹಲ್ಲು, ಕನ್ಸೋಲು ಎಲ್ಲವೂ ನಿನ್ನೆಯ ಪ್ರತಿಯಲ್ಲೇ ಇದ್ದವು. ತಾರೀಖಷ್ಟೇ ಬದಲಿಸಬೇಕಿತ್ತು.

“ಬ್ಯಾಡ ಬಿಡ್ರಿ” ಅಂದ ಖಾಸಿಮಸಾಬ. “ನಿನ್ನಿ ಕಾಗದ ಅಂವನ ಕೈಯಾಗ ಐತಿ. ಅಂವ ಹೊಡಿಯೂಕಿಂತ ಮೊದಲ ಹೊಡದಾನಂತ ನಾನ ಹೆಬ್ಬೆಟ್ಟ ಒತ್ತೇನಿ. ಇನ್ನ ಯಾರ್ ನಂಬ್ತಾರ?”

ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಕುಂಟುತ್ತ ಹೋದ. ಬಿಲ್ಲು ನನ್ನ ಹಲಗೆಯ ಪಕ್ಕದಲ್ಲೇ ಉಳಿಯಿತು. ವಾರಂಟಿಗೆ ಇನ್ನೂ ಎರಡು ತಿಂಗಳಿತ್ತು.