‘ಅಂತ’ ಅಂದಮೇಲೆ

ಅವಳಿಗೆ ಇತ್ತೀಚೆಗೆ ಒಂದು ಚಿಕ್ಕ ಭಯ ಅಂಟಿಕೊಂಡಿತ್ತು. ತನ್ನ ದನಿಯನ್ನು ಯಾರಾದರೂ ಗುರುತು ಹಿಡಿದುಬಿಟ್ಟರೆ? ಲಿಫ್ಟಿನಲ್ಲಿ ಯಾರಿಗೂ ಮಹಡಿ ಹೇಳದೆ ತಾನೇ ಕೈಚಾಚಿ ಗುಂಡಿ ಒತ್ತುತ್ತಿದ್ದಳು. ಕ್ಯಾಂಟೀನಿನಲ್ಲಿ ಬೆರಳು ತೋರಿಸಿ ಟೀ ಕೇಳುತ್ತಿದ್ದಳು. ಹೇಳಿಕೊಂಡರೆ ನಗುತ್ತಾರೆಂದು ಅದನ್ನು ಡೈರಿಗೆ ಮಾತ್ರ ಹೇಳಿದ್ದಳು, ಅದೂ ಪೆನ್ಸಿಲಿನಲ್ಲಿ.

ಭಯ ಸುಮ್ಮನೆ ಹುಟ್ಟಿದ್ದಲ್ಲ. ವಾಸಿಯಾಗದ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ವಿಭಾಗವೊಂದು ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲಿತ್ತು. ನರ್ಸುಗಳು ಸಾಲದೆ ಹೋದಾಗ ವಿಭಾಗದವರು ಒಂದು ಚಾಟ್‌ಬಾಟ್ ಮಾಡಿಸಿದರು. ಮನೆಯಲ್ಲಿ ಫೋನು ಹಿಡಿಯುವವರು ಹೆಚ್ಚಾಗಿ ಮುದುಕರು. ಕೆಲವರಿಗೆ ಅಕ್ಷರ ಬಾರದು, ಬರುವವರಿಗೆ ಕಣ್ಣು ಕಾಣದು. ಆದ್ದರಿಂದ ಟೈಪ್ ಮಾಡುವ ಗೋಜೇ ಇರಲಿಲ್ಲ. ಅಂಗೈಯಗಲದ ಒಂದು ಹಸಿರು ಗುಂಡಿ. ಒತ್ತಿ ಮಾತಾಡಿದರೆ ಮಾತು ಅಕ್ಷರವಾಗುತ್ತಿತ್ತು, ಅಕ್ಷರದಿಂದ ಅರ್ಥ ಹೆಕ್ಕಿ ಯಂತ್ರ ಉತ್ತರ ಕೊಡುತ್ತಿತ್ತು. ನೋವು ಜಾಸ್ತಿ ಅಂದರೆ ನರ್ಸಿಗೆ ಸುದ್ದಿ ಹೋಗುತ್ತಿತ್ತು. ಕಡಿಮೆ ಅಂದರೆ ಇಲ್ಲ.

ಆ ಉತ್ತರಗಳನ್ನು ಬರೆಯುವುದು ಅವಳ ಕೆಲಸ. ‘ವೇದನೆಯ ತೀವ್ರತೆಯನ್ನು ತಿಳಿಸಿ’ ಎಂಬುದನ್ನು ‘ನೋವು ಹೇಗಿದೆ?’ ಮಾಡಿದವಳು ಅವಳು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಒಂದೇ ಉಸಿರಿಗೆ ಮುಗಿಯುವ ಉತ್ತರ. ಯಂತ್ರದ ದನಿ ತಗಡು ಬಡಿದಂತಿದೆ ಎಂದು ಮುದುಕರು ದೂರಿದಾಗ, ಆ ಚಿಕ್ಕ ಚಿಕ್ಕ ಉತ್ತರಗಳನ್ನೆಲ್ಲ ಅವಳ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ಈಗ ಊರ ತುಂಬ ಮಾತಾಡುತ್ತಿದ್ದಳು.

“ನಿನ್ನನ್ನ ಮಾತಾಡಿಸಬೇಕು ಅಂದ್ರೆ ಗುಂಡಿ ಒತ್ತಬೇಕು ಕಣೇ,” ಎಂದು ನರ್ಸಕ್ಕ ರೇಗಿಸುತ್ತಿದ್ದಳು. ಆ ವಿಭಾಗದ ಹಿರಿಯ ನರ್ಸು ಅವಳು. ಎಲ್ಲರಿಗೂ ಅಡ್ಡಹೆಸರಿಡುವುದು ಅವಳ ಚಟ. ಯಂತ್ರ ನೋಡಿಕೊಳ್ಳುವ ಇಂಜಿನಿಯರಿಗೆ ‘ಸೆಕೆಂಡಪ್ಪ’ ಅನ್ನುತ್ತಿದ್ದಳು, ಆತ ಎಲ್ಲವನ್ನೂ ಸೆಕೆಂಡಿನಲ್ಲೇ ಅಳೆಯುತ್ತಿದ್ದುದಕ್ಕೆ. ಪಾಪ, ಕೆಟ್ಟವನಲ್ಲ. ಜನ ಮಾತು ನಿಲ್ಲಿಸಿದ ಮೇಲೂ ಮೊದಮೊದಲು ಯಂತ್ರ ತುಸು ಕಾಯುತ್ತಿತ್ತು. ‘ಇದು ಕೆಟ್ಟಿದೆ, ಉಸಿರೇ ಇಲ್ಲ’ ಎಂದು ಕೆಲವರು ಫೋನು ಬಡಿದರು. ಆತ ಕಾಯುವ ಹೊತ್ತನ್ನು ಕತ್ತರಿಸಿದ. ‘ನೀವು ಹೀಗಂದ್ರಿ, ಸರಿನಾ?’ ಎಂದು ಅವಳು ಬರೆದಿದ್ದ ಸಾಲೂ ಉದ್ದವಾಯಿತೆಂದು ಹಾರಿಹೋಯಿತು. ಆಗ ಅವಳಿಗೆ ಏನೋ ಹೇಳಬೇಕೆನಿಸಿತ್ತು. ಗಂಟಲಿಗೆ ಬಂದದ್ದು ನಾಲಿಗೆಗೆ ಬರಲಿಲ್ಲ.

ಅವತ್ತು ಮಧ್ಯಾಹ್ನ ದರ್ಜಿ ತಾತನೊಬ್ಬ, ಹೆಂಡತಿಗೆಂದು ವಿಭಾಗದವರು ಕೊಟ್ಟಿದ್ದ ಗಾಳಿ ಹಾಸಿಗೆ ವಾಪಸ್ ಕೊಡಲು ಬಂದ. ಹಾಸಿಗೆಯನ್ನು ಬಟ್ಟೆಯ ಥಾನು ಸುತ್ತಿದಷ್ಟು ಒಪ್ಪವಾಗಿ ಸುತ್ತಿ, ಅಂಚಿಗೆ ಲಾಡಿ ಕಟ್ಟಿದ್ದ. ಹೋದ ವಾರ ಅವನ ಹೆಂಡತಿ ತೀರಿಕೊಂಡಿದ್ದಳು. ನರ್ಸಕ್ಕ ಯಾರದೋ ಫೋನಿನಲ್ಲಿದ್ದಳು. ಬೇರೆ ದಾರಿಯಿಲ್ಲದೆ ಹುಡುಗಿಯೇ ಎದ್ದು, “ಕೂತ್ಕೊಳ್ಳಿ ತಾತ,” ಎಂದಳು.

ಮುದುಕ ಕೂರಲಿಲ್ಲ. ತಲೆಯೆತ್ತಿ ಅವಳನ್ನೇ ನೋಡಿದ.

“ಈ ದನಿ… ಫೋನಿನಲ್ಲಿರೋದು ನೀನಾ ತಾಯಿ?”

ಅವಳು ತಲೆಯಾಡಿಸಿದಳು. ಕಿವಿ ಬಿಸಿಯಾಯಿತು.

“ನಮ್ಮೋಳು ನಿನ್ನನ್ನ ಆ ಮಗು ಅಂತಿದ್ಲು. ಆ ಮಗು ಏನಂತು, ಕೇಳ್ರೀ ಅಂತ. ನಾನು ಹೇಳ್ತಿದ್ದೆ, ಸಂತೋಷ ಅಂತು ಕಣೇ, ಅದೇ ಮಾತ್ರೆ ಮುಂದುವರಿಸಿ ಅಂತು.” ಲಾಡಿಯ ಗಂಟನ್ನು ಬೆರಳಲ್ಲಿ ತಡವಿದ. “ಅವಳು ಹಲ್ಲು ಕಚ್ಕೊಂಡು ಮಲ್ಕೊಂಡಿದ್ಲು. ದೊಡ್ಡ ಆಸ್ಪತ್ರೆಯೋರು ಸಂತೋಷ ಅಂದ್ಮೇಲೆ ಇಷ್ಟು ನೋವು ಇರೋದೇ ಇರ್ಬೇಕು ಅಂದ್ಕೊಂಡ್ವಿ.”

ಫೋನು ಇಟ್ಟ ನರ್ಸಕ್ಕ ಹತ್ತಿರ ಬಂದಳು. “ಅಷ್ಟು ನೋವಿದ್ರೆ ಹೇಳ್ಬಾರ್ದಿತ್ತಾ ತಾತ? ಅವತ್ತೇ ಬರ್ತಿದ್ದೆ. ಔಷಧಿ ಬದಲಾಯಿಸ್ತಿದ್ವಿ. ನನ್ನ ಸರದಿ ಬಂದು ನಾನು ನೋಡೋ ಹೊತ್ತಿಗೆ…”

“ಹೇಳ್ದೆನಮ್ಮ. ದಿನಾ ಹೇಳ್ದೆ. ನನಗೆ ನೆಟ್ಟಗೆ ಹೇಳೋಕೆ ಬರ್ಲಿಲ್ಲ ಅನ್ಸತ್ತೆ. ಓದಿದೋನಲ್ವಲ್ಲ. ಮಗಳೂ ಹಂಗೇ ಅಂತಾಳೆ. ಅಪ್ಪ, ನೀನು ಸರಿಯಾಗಿ ಹೇಳಿದ್ರೆ ಅಮ್ಮ ಅಷ್ಟು ನರಳ್ತಿರ್ಲಿಲ್ಲ ಅಂತ. ಹೊತ್ತು ಹೊತ್ತಿಗೆ ಅನ್ನ ಹಾಕ್ತಾಳೆ. ಮಾತಾಡಲ್ಲ.”

ಹುಡುಗಿ ಮೆಲ್ಲನೆ ತನ್ನ ಕುರ್ಚಿಗೆ ಹೋಗಿ, ಹೆಡ್‌ಫೋನು ಹಾಕಿಕೊಂಡು ತಾತನ ಸಂದೇಶ ಹುಡುಕಿದಳು. ದನಿ ಬಂತು: ‘ನೋವು ಕಮ್ಮಿ ಆಗಿದೆ ಅಂತ’. ಅಷ್ಟೇ. ಯಂತ್ರ ಬರೆದುಕೊಂಡದ್ದೂ ಅದನ್ನೇ, ಒಂದಕ್ಷರ ತಪ್ಪಿಲ್ಲದೆ. ಹಿಂದೆಯೇ ಅವಳದೇ ದನಿ, ನಗುಮೊಗದ ದನಿ: ‘ಸಂತೋಷ. ಅದೇ ಮಾತ್ರೆ ಮುಂದುವರಿಸಿ.’ ಮರುದಿನದ್ದೂ ಹಾಗೇ.

ಬೆನ್ನ ಹಿಂದೆ ಬಂದು ನಿಂತಿದ್ದ ಸೆಕೆಂಡಪ್ಪ ತೆರೆಯನ್ನು ಓದಿ ನಿಟ್ಟುಸಿರಿಟ್ಟ. “ಅವರೇ ಕಮ್ಮಿ ಆಗಿದೆ ಅಂದಿದ್ದಾರೆ. ಯಂತ್ರ ಏನು ಮಾಡುತ್ತೆ?” ಎಂದ, ಮೆತ್ತಗೆ.

ಅವಳು ಇನ್ನೊಮ್ಮೆ ಕೇಳಿದಳು. ‘ಅಂತ’ ಅಂದಮೇಲೆ, ತುದಿಯಲ್ಲಿ, ಉಸಿರೆಳೆದುಕೊಂಡ ಸದ್ದಿತ್ತು. ಮಾತು ಮುಗಿಸಿದವರು ಉಸಿರು ಬಿಡುತ್ತಾರೆ. ಇದು ಎಳೆದುಕೊಂಡದ್ದು.

ಆಚೆ ನರ್ಸಕ್ಕ ಕೇಳುತ್ತಿದ್ದಳು: “ಏನಂತ ಹೇಳಿದ್ರಿ ತಾತ? ಅವತ್ತು ಅಂದಂಗೇ ಅನ್ನಿ ನೋಡೋಣ.”

“ಏನಿಲ್ಲಮ್ಮ. ನೋವು ಕಮ್ಮಿ ಆಗಿದೆ ಅಂತ…” ಮುದುಕ ತಡೆದ. ತುಟಿ ಬಿಗಿದುಕೊಂಡವು. ಬದುಕೆಲ್ಲ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಒಂದು ಪಿನ್ನಿಗೂ ಇನ್ನೊಂದಕ್ಕೂ ನಡುವೆ ಗಿರಾಕಿಗೆ ಉತ್ತರ ಕೊಟ್ಟ ಬಾಯಿ ಅದು. ಪಿನ್ನು ಇಲ್ಲದಾಗಲೂ ಅದರ ಜಾಗಕ್ಕೆ ಕಾಯುತ್ತಿತ್ತು. ಗೋಡೆಯ ಫ್ಯಾನು ಆ ಕಡೆಯಿಂದ ಈ ಕಡೆ ತಿರುಗಿತು. “…ಹೇಳೋಕಾಗಲ್ಲಮ್ಮ. ಹಿಂಗಂದೆ. ಅಂದಿದ್ದು ಇಷ್ಟೇ.”

ಅವಳಿಗೆ ಹೊಳೆಯಿತು. ನಮ್ಮ ಮಾತಿನಲ್ಲಿ ‘ಇಲ್ಲ’ ಬರುವುದೇ ಕೊನೆಗೆ. ಹೌದೋ ಅಲ್ಲವೋ ಎಂಬುದು ಕಟ್ಟಕಡೆಯ ಪದದಲ್ಲಿ ಕೂತಿರುತ್ತದೆ. ತಾತ ‘ಹೇಳೋಕಾಗಲ್ಲ’ ಅನ್ನಲು ಉಸಿರೆಳೆದುಕೊಂಡಾಗ ಯಂತ್ರ ಮೈಕು ಮುಚ್ಚಿತ್ತು. ಮುಚ್ಚಿದ ಬಾಗಿಲಿನ ಮುಂದೆ ಮುದುಕ ದಿನಾ ಆ ಪದ ಹೇಳಿ, ಒಳಗಿನಿಂದ ‘ಸಂತೋಷ’ ಕೇಳಿಸಿಕೊಂಡು ಹೆಂಡತಿಯ ಮಗ್ಗುಲಿಗೆ ಹೋಗಿದ್ದ.

ಸೆಕೆಂಡಪ್ಪನಿಗೂ ಹೊಳೆಯಿತು. “ಈಗ ಬೇಡ,” ಎಂದ ಪಿಸುದನಿಯಲ್ಲಿ. “ಇವತ್ತೇ ಕಾಯೋ ಹೊತ್ತು ಜಾಸ್ತಿ ಮಾಡ್ತೀನಿ, ನಿನ್ನ ‘ಸರಿನಾ’ ವಾಪಸ್ ಹಾಕ್ತೀನಿ. ಆದ್ರೆ ಹೊರಗಿನೋರ ಮುಂದೆ… ಮೊದಲು ಮೇಲಿನೋರಿಗೆ ಹೇಳೋಣ.”

ಹಾಸಿಗೆ ಕೊಟ್ಟಾಗಿತ್ತು. ತಾತ ಚಪ್ಪಲಿ ಸರಿಪಡಿಸಿಕೊಂಡು ಬಾಗಿಲ ಕಡೆ ತಿರುಗಿದ. ಬೆನ್ನು ಬಾಗಿತ್ತು. ಹೀಗೇ ಹೋದರೆ ಇನ್ನುಳಿದ ದಿನವೆಲ್ಲ ಆ ಮಗಳ ಎದುರು, ತನಗೆ ಮಾತು ಬರಲಿಲ್ಲವೆಂದುಕೊಂಡೇ ಅನ್ನ ತಿನ್ನುತ್ತಾನೆ.

“ತಾತ!”

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ, ಅವಳೂ. ಹೆಡ್‌ಫೋನು ಕುತ್ತಿಗೆಗೆ ಜಾರಿತ್ತು. ಮುದುಕ ನಿಂತ. ಅವಳು ಉಸಿರೆಳೆದುಕೊಂಡಳು. ಮಾತು ಬರುವುದು ತಡವಾಯಿತು. ಮುದುಕ ಅವಸರ ಮಾಡಲಿಲ್ಲ, ಕಾದ.

“ನೀವು ಸರಿಯಾಗೇ ಹೇಳಿದ್ರಿ ತಾತ. ನಾವೇ ಪೂರ್ತಿ ಕೇಳಿಸ್ಕೊಳ್ಳಲಿಲ್ಲ.”